ಕಟ್ಟೆ ಮೇಲಿನ ಖಾಲಿ ಜಾಗ: ಅವ್ವನ ಹಳೇ ಫೋಟೋದಲ್ಲಿ ನಾನು ಕೂತ ಕಥೆ

"ಮುಖ ಕಟ್ ಮಾಡಿ ಕೂರಿಸಿದ್ರ ಮುಗೀತಲ್ಲ, ಇದಕ್ಕ ಆರು ತಿಂಗಳು ಯಾಕ ಬೇಕು?" ಅಂದಿದ್ದ ಗಂಗಾವತಿಯ ನನ್ನ ಗೆಳೆಯ. ಮದುವೆ ಆಲ್ಬಂ ಮಾಡುವವನು, ಒಂದು ಫೋಟೋದವರನ್ನು ಇನ್ನೊಂದರಲ್ಲಿ ಕೂರಿಸುವ ಮಿಕ್ಸಿಂಗ್‌ನಲ್ಲಿ ಅವನ ಕೈ ಹಿಡಿಯುವವರಿಲ್ಲ. ಕೆಲಸ ಮುಗಿದ ಮೇಲೆ ಫೋಟೋವನ್ನು ಮೊದಲು ಅವನಿಗೇ ಕಳಿಸಿದೆ. ಒಂದು ಗಂಟೆ ಬಿಟ್ಟು ಫೋನ್ ಮಾಡಿ "ಪಕ್ಕದಾಗ ಕುಂತಾಕಿ ನಿಮ್ಮ ದೊಡ್ಡವ್ವನಾ?" ಅಂತ ಕೇಳಿದ. ಆ ಪ್ರಶ್ನೆಗೋಸ್ಕರ ನಾನು ಇದನ್ನು ಬರೆಯುತ್ತಿದ್ದೇನೆ ಅಂದರೂ ತಪ್ಪಿಲ್ಲ.

ಫೋಟೋ 1984ರ ಸಂಕ್ರಾಂತಿಯದು. ಕುಕನೂರು ಕಡೆಯ ಹಳ್ಳಿಯಲ್ಲಿ ಅಜ್ಜನ ಮನೆ. ಬಾಗಿಲ ಪಕ್ಕದ ಕಟ್ಟೆ ಮೇಲೆ ಅವ್ವ ಲಂಗ ಹಾಕಿಕೊಂಡು, ಎರಡು ಜಡೆ ಬಿಟ್ಟುಕೊಂಡು ಕೂತಿದ್ದಾಳೆ. ಆಗ ಅವಳಿಗೆ 13 ವರ್ಷ. ಸೈಕಲ್ ಮೇಲೆ ಬಂದ ಫೋಟೋದವನು ಅಕ್ಕತಂಗಿ ಇಬ್ಬರನ್ನೂ ಕೂರಿಸಿದ್ದನಂತೆ. ಕ್ಲಿಕ್ ಮಾಡುವ ಹೊತ್ತಿಗೆ ಎಮ್ಮೆ ಕರು ಹಗ್ಗ ಬಿಚ್ಚಿಕೊಂಡಿತು, ದೊಡ್ಡವ್ವ ಎದ್ದು ಓಡಿದಳು. ಅವನು ಹಾಗೇ ತೆಗೆದುಬಿಟ್ಟ. ಅದಕ್ಕೇ ಅವ್ವ ಫೋಟೋದ ನಡುವೆ ಇಲ್ಲ. ಅವಳ ಬಲಗಡೆ, ನಾವು ನೋಡುವಾಗ ಬಲಗಡೆ, ಒಬ್ಬರು ಕೂರುವಷ್ಟು ಜಾಗ ಖಾಲಿ. ಆಮೇಲೆ ಬಾಗಿಲು. ಹಿಂದೆ ಸ್ಟುಡಿಯೋ ಸೀಲ್ ಇದೆ, ಅದರಲ್ಲಿ "ಜಿ. ರಾಯಚೂರು" ಅಂತಿದೆ. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ, ಹಾಗಾಗಿ ಅದು ಸರಿ.

ನಾನು ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅವ್ವನ ಹುಟ್ಟಿದ ದಿನ ಜೂನ್ 1. ಅಂದರೆ ಮೇಷ್ಟ್ರು ಶಾಲೆಗೆ ಸೇರಿಸಿಕೊಂಡಾಗ ಬರೆದ ದಿನ, ನಮ್ಮ ಕಡೆ ಅರ್ಧ ಊರಿಗೆ ಅದೇ ಹುಟ್ಟುಹಬ್ಬ. 2025ರಲ್ಲಿ ಅವಳಿಗೆ ಲೆಕ್ಕಕ್ಕೆ 55. ಆ ಖಾಲಿ ಜಾಗದಲ್ಲಿ ನಾನು ಕೂರಬೇಕು ಅಂತ 2024ರ ನವೆಂಬರ್‌ನಲ್ಲಿ ತಲೆಗೆ ಹೊಕ್ಕಿತು. ಚಿಕ್ಕ ಹುಡುಗಿಯಾಗಿ ಅಲ್ಲ, ಈಗಿನ ನಾನೇ, 27 ವರ್ಷದವಳು, ಇಳಕಲ್ ಸೀರೆ ಉಟ್ಟುಕೊಂಡು.

ಮೊದಲ ಎಡವಟ್ಟು ಸ್ಕ್ಯಾನ್‌ನಲ್ಲೇ. ಫೋಟೋ ಮಾವನ ಮನೆಯಲ್ಲಿತ್ತು. ಮಾವನ ಮಗ, ನನಗಿಂತ ಐದು ವರ್ಷ ಚಿಕ್ಕವನು, ಟ್ಯೂಬ್‌ಲೈಟ್ ಕೆಳಗೆ ಮೊಬೈಲ್‌ನಲ್ಲಿ ಹೊಡೆದು ವಾಟ್ಸಾಪ್ ಮಾಡಿದ. ಅವ್ವನ ಹಣೆ ಮೇಲೆ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು. ಆಮೇಲೆ ಒಂದು ಸ್ಟುಡಿಯೋಗೆ ಕಳಿಸಿದೆ. 150 ರೂಪಾಯಿ ತಗೊಂಡು, ಕೇಳದೇ ಇದ್ದರೂ "ಕ್ಲೀನ್" ಮಾಡಿ ಕೊಟ್ಟರು. ಅವ್ವನ ಕೆನ್ನೆ ಪ್ಲಾಸ್ಟಿಕ್ ಬೊಂಬೆ ಆಗಿತ್ತು, ಹಳೇ ಫಿಲ್ಮ್‌ನ ಸಣ್ಣ ಕಾಳುಕಾಳು, ಅಂದರೆ ಗ್ರೇನ್, ಪೂರ್ತಿ ಮಾಯ. ಗ್ರೇನ್ ಹೋದ ಫೋಟೋಗೆ ಏನನ್ನು ಹೊಂದಿಸೋದು? ಮೂರನೇ ಸಲ ಬೇರೆ ಅಂಗಡಿ. ಚೀಟಿ ಬರೆದು ಕೊಟ್ಟೆ: 1200 ಡಿಪಿಐ, ಟಿಫ್, ಯಾವ ಕರೆಕ್ಷನ್ನೂ ಬೇಡ, ಎರಡು ಸಲ ಸ್ಕ್ಯಾನ್, ಎರಡನೇ ಸಲ ಫೋಟೋವನ್ನು ತಲೆಕೆಳಗು ಮಾಡಿ ಇಡಿ. ಅವರು ನಕ್ಕರಂತೆ. 300 ತಗೊಂಡರು.

ತಲೆಕೆಳಗು ಯಾಕೆ ಅಂತ ಕೆಲವರಿಗೆ ಗೊತ್ತಿರುತ್ತದೆ. ಆ ಕಾಲದ ರೇಷ್ಮೆ ಮೈ ಪೇಪರ್‌ಗೆ ಸಣ್ಣ ಸಣ್ಣ ಉಬ್ಬು ಇರುತ್ತವೆ. ಸ್ಕ್ಯಾನರ್ ದೀಪ ಒಂದೇ ಕಡೆಯಿಂದ ಬೀಳುವುದರಿಂದ ಪ್ರತಿ ಉಬ್ಬಿಗೂ ಒಂದು ಹೊಳಪು, ಒಂದು ನೆರಳು. ತಿರುಗಿಸಿ ಇಟ್ಟರೆ ಹೊಳಪು ಇದ್ದ ಕಡೆ ನೆರಳು ಬರುತ್ತದೆ. ಎರಡನ್ನೂ ಗಿಂಪ್ ಅನ್ನುವ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಮೇಲಿನದನ್ನು 50% ಮಾಡಿದರೆ ಉಬ್ಬು ಮುಕ್ಕಾಲು ಪಾಲು ಅಳಿಸಿಹೋಗುತ್ತದೆ, ಗ್ರೇನ್ ಉಳಿಯುತ್ತದೆ. ಕೂರಿಸುವುದರಲ್ಲೇ ಒಂದು ಭಾನುವಾರ ಹೋಯಿತು. ಒಂದು ಪಿಕ್ಸೆಲ್ ಜರುಗಿದರೂ ಫೋಟೋದಲ್ಲಿ ಅವ್ವನ ಕಣ್ಣು ಮಬ್ಬಾಗುತ್ತದೆ.

ಆಮೇಲೆ ಬಿಳಿ ಚುಕ್ಕೆಗಳು. ನೆಗೆಟಿವ್ ಮೇಲೆ ಧೂಳು ಕೂತಿದ್ದರೆ ಪ್ರಿಂಟ್‌ನಲ್ಲಿ ಅದು ಬಿಳಿ ಚುಕ್ಕೆ. ಗೋಡೆ ಮೇಲೆ, ಲಂಗದ ಮೇಲೆ, ಬಾಗಿಲ ಮುಂದಿನ ಮೆಟ್ಟಿಲ ಮೇಲಂತೂ ರಾಶಿ. ಎರಡು ಸಂಜೆ ಕೂತು ಒಂದೊಂದನ್ನೇ ಅಳಿಸಿದೆ. ಎಷ್ಟು ಚೆಂದ ಆಯಿತು ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಈ ಮಾತು ನೆನಪಿಟ್ಟುಕೊಳ್ಳಿ.

ಡಿಸೆಂಬರ್ ಪೂರ್ತಿ ದಂಡ ಆಗಿದ್ದು ಬೆಳಕಿನಿಂದ. ಅವ್ವನ ಮೇಲೆ ಬಿದ್ದಿರುವುದು ಬೆಳಗಿನ ಗಟ್ಟಿ ಬಿಸಿಲು, ಎಡಗಡೆ ಮುಂದಿನಿಂದ, ಸಾಕಷ್ಟು ಮೇಲಿನಿಂದ. ಸ್ಟುಟ್‌ಗಾರ್ಟ್‌ನ ಡಿಸೆಂಬರ್‌ನಲ್ಲಿ ನಡು ಮಧ್ಯಾಹ್ನ ಕೂಡ ಸೂರ್ಯ ನೆಲದಿಂದ 20 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಅದೂ ಮೋಡ ಬಿಟ್ಟರೆ. ಸರಿ, ದೀಪ ಇಟ್ಟು ಮಾಡೋಣ ಅಂತ ಒಂದು ಎಲ್‌ಇಡಿ ಲೈಟ್ ತಗೊಂಡೆ, 60 ಯೂರೋ. ಮನೆಯೊಳಗೆ ಆರು ಅಡಿ ದೂರದಲ್ಲಿಟ್ಟೆ. ಮುಖ ಸರಿ ಬಂದರೆ ಕಾಲು ಕತ್ತಲು, ಕಾಲು ಸರಿ ಬಂದರೆ ಹಣೆ ಬೆಳ್ಳಗೆ. ಸೂರ್ಯ ತಲೆಗೂ ಕಾಲಿಗೂ ಒಂದೇ ಅಳತೆಯಲ್ಲಿ ಬಡಿಸುತ್ತಾನೆ, ದೀಪ ಹತ್ತಿರದವರಿಗೆ ಜಾಸ್ತಿ ಬಡಿಸುತ್ತದೆ. ಇಂಥ ಫೋಟೋ ಸುಳ್ಳು ಅಂತ ಗೊತ್ತಾಗುವುದು ಮುಖ ನೋಡಿ ಅಲ್ಲ, ಮೊಣಕಾಲು ನೋಡಿ.

ಅದೇ ಸುಮಾರಿಗೆ ಇನ್ನೊಂದು ಹುಚ್ಚು ಹಿಡಿಯಿತು. ಹಳೇ ಫೋಟೋಗೆ ಹಳೇ ಕ್ಯಾಮೆರಾನೇ ಬೇಕು ಅಂತ. ಒಂದು ಸೆಕೆಂಡ್ ಹ್ಯಾಂಡ್ ಯಾಶಿಕಾ, ಎರಡು ಕಣ್ಣಿನದು, ಮೇಲಿನಿಂದ ಬಗ್ಗಿ ನೋಡುವಂಥದ್ದು, ಸುಮಾರು 140 ಯೂರೋ ಕೊಟ್ಟು ತಂದೆ. ನಮ್ಮ ಊರುಗಳ ಫೋಟೋದವರ ಕೊರಳಲ್ಲಿ ಆಗ ಇರುತ್ತಿದ್ದದ್ದು ಇಂಥದ್ದೇ. 120 ಫಿಲ್ಮ್ ಎರಡು ರೋಲ್, ಒಂದೊಂದರಲ್ಲಿ 12 ಫೋಟೋ. ತೊಳೆಸಿ ಸ್ಕ್ಯಾನ್ ಮಾಡಿಸಿದ್ದೂ ಸೇರಿ ಇನ್ನೊಂದು 45 ಯೂರೋ. ಯೂರೋಗೆ 90 ರೂಪಾಯಿ ಲೆಕ್ಕ ಹಾಕಿ, ಹದಿನಾರು ಸಾವಿರ ಮೇಲೆಯೇ ಆಯಿತು. ಬಂದ 24 ಫೋಟೋದಲ್ಲಿ ಉಪಯೋಗಕ್ಕೆ ಬಂದದ್ದು ಸೊನ್ನೆ. ಈಗಿನ ಫಿಲ್ಮ್‌ನ ಗ್ರೇನ್ ತುಂಬಾ ಸಣ್ಣದು, ಮೇಲಾಗಿ ಅವ್ವನದು ನೆಗೆಟಿವ್ ಅಲ್ಲ, ನೆಗೆಟಿವ್‌ನಿಂದ ಮಾಡಿದ ಪ್ರಿಂಟ್, ಅದೂ 40 ವರ್ಷ ಮಾಸಿದ್ದು. ಕ್ಯಾಮೆರಾ ಮಾತ್ರ ಮಾರ್ಚ್‌ನಲ್ಲಿ 150ಕ್ಕೆ ಮಾರಿದೆ. ಹತ್ತು ಯೂರೋ ಲಾಭ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಫಿಲ್ಮ್ ಖರ್ಚಿನ ಮಾತು ಎತ್ತಲಿಲ್ಲ.

ಆದರೆ ಆ ಯಾಶಿಕಾದಿಂದ ಒಂದು ವಿಷಯ ಹೊಳೆಯಿತು. ಅದನ್ನು ಹೊಟ್ಟೆಯ ಹತ್ತಿರ ಹಿಡಿದು ತೆಗೆಯಬೇಕು. ಅಂದರೆ ಅವ್ವನ ಫೋಟೋ ತೆಗೆದ ಕಣ್ಣು ನಿಂತ ಮನುಷ್ಯನ ಕಣ್ಣಿನ ಎತ್ತರದಲ್ಲಿ ಇರಲೇ ಇಲ್ಲ. ಇದನ್ನು ಫೋಟೋದಲ್ಲೇ ಪರೀಕ್ಷೆ ಮಾಡಬಹುದು. ಅವ್ವನ ಎಡಗಡೆ ಗೋಡೆಯಲ್ಲಿ ಒಂದು ದೀಪದ ಗೂಡು ಇದೆ. ಗೂಡಿನ ತಳ ಕಾಣಿಸಿದರೆ ಕ್ಯಾಮೆರಾ ಗೂಡಿಗಿಂತ ಮೇಲೆ, ಒಳಗಿನ ಮಾಳಿಗೆ ಕಾಣಿಸಿದರೆ ಕೆಳಗೆ. ಇಲ್ಲಿ ತಳವೂ ಕಾಣುವುದಿಲ್ಲ, ಮೇಲೂ ಕಾಣುವುದಿಲ್ಲ, ಸುಮ್ನೆ ಒಂದು ಕಪ್ಪು ಚೌಕ. ಅಂದರೆ ಕ್ಯಾಮೆರಾ ಗೂಡಿನ ನಡುಮಟ್ಟಕ್ಕೇ ಇತ್ತು. ಮಾವನ ಮಗ ಟೇಪ್ ಹಿಡಿದು ನೋಡಿದ, ನೆಲದಿಂದ ಮೂರೂವರೆ ಅಡಿ. ನನ್ನ ಅದುವರೆಗಿನ ಫೋಟೋಗಳೆಲ್ಲ ಐದು ಅಡಿ ಎತ್ತರದ ಟ್ರೈಪಾಡ್‌ನಿಂದ. ನಾನು ಕಟ್ಟೆ ಮೇಲೆ ಕೂತಂತೆ ಅಲ್ಲ, ಬಾವಿಯಲ್ಲಿ ಕೂತಂತೆ ಕಾಣುತ್ತಿದ್ದೆ. ಕಾರಣ ಗೊತ್ತಾಗದೇ ಒಂದು ತಿಂಗಳು ನೆರಳು ತಿದ್ದುತ್ತಾ ಕೂತಿದ್ದೆ!

ಇನ್ನು ದೂರ. ಲೆನ್ಸ್ ಯಾವುದಾದರೂ ಆಗಲಿ, ಮುಖದ ಆಕಾರ ನಿಲ್ಲುವುದು ದೂರದ ಮೇಲೆ. ಮನೆ ಮುಂದೆ ಎಮ್ಮೆ ಕಟ್ಟುವ ಕಲ್ಲಿನ ಗೂಟ ಒಂದಿದೆ, ಫೋಟೋದಲ್ಲೂ ಇದೆ, ಈಗಲೂ ಇದೆ. ಕಟ್ಟೆಗೆ ಈಗ ಸಿಮೆಂಟ್ ಬಳಿದಿದ್ದಾರೆ, ಗೂಟಕ್ಕೆ ಯಾರೂ ಏನೂ ಮಾಡಿಲ್ಲ. ಹಳೇ ಫೋಟೋದಲ್ಲಿ ಬಾಗಿಲ ಅಗಲಕ್ಕೆ ಗೂಟದ ಎತ್ತರ ಎಷ್ಟು ಪಾಲು ಅಂತ ಅಳೆದು ಮಾವನ ಮಗನಿಗೆ ಹೇಳಿದೆ. ಅವನು ಮೊಬೈಲ್ ಹಿಡಿದು ಹಿಂದೆ ಹಿಂದೆ ನಡೆಯುತ್ತಾ ಹೋದ, ನಾನು ವಿಡಿಯೋ ಕಾಲ್‌ನಲ್ಲಿ "ಇನ್ನಾ ಹಿಂದಕ್ಕ, ಇನ್ನಾ" ಅನ್ನುತ್ತಾ ಇದ್ದೆ. ಗೋಡೆಯಿಂದ ಹದಿನಾಲ್ಕು ಅಡಿಗೆ ಪಾಲು ಸರಿಹೋಯಿತು. ಅವನು ಹೋಗಿ ನಿಂತಿದ್ದು ಎದುರು ಮನೆಯ ಚರಂಡಿ ಅಂಚಿನಲ್ಲಿ.

"ಅಕ್ಕಾ, ಇದೆಲ್ಲ ಯಾರ್ ನೋಡ್ತಾರ?" ಅಂದ.

"ನೀ ನೋಡಲ್ಲ, ಸುಮ್ನಿರು."

500 ರೂಪಾಯಿ ರೀಚಾರ್ಜ್ ಹಾಕಿಸಿಕೊಂಡ.

ಈಗ ಸೂರ್ಯ. ಇದು ಇಡೀ ಕೆಲಸದಲ್ಲಿ ನನಗೆ ಬಹಳ ಹೆಮ್ಮೆ ತಂದ ಭಾಗ. ಅವ್ವನ ಫೋಟೋ ಸಂಕ್ರಾಂತಿ ದಿನದ್ದು. ವರ್ಷ ಯಾವುದಾದರೂ ಅದೇ ದಿನ, ಅದೇ ಹೊತ್ತಿಗೆ ಸೂರ್ಯ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಇರುತ್ತಾನೆ. ಹಾಗಾಗಿ 2025ರ ಸಂಕ್ರಾಂತಿ ದಿನ ಮಾವನ ಮಗನನ್ನು ಬೆಳಿಗ್ಗೆ ಒಂಬತ್ತೂವರೆಗೆ ಅದೇ ಚರಂಡಿ ಅಂಚಿನಲ್ಲಿ ನಿಲ್ಲಿಸಿದೆ. ಪ್ರತಿ ಹದಿನೈದು ನಿಮಿಷಕ್ಕೆ ಒಂದು ಫೋಟೋ, ಗೂಟದ ನೆರಳು ಕಾಣಬೇಕು. ಹಳೇ ಫೋಟೋದಲ್ಲಿ ಗೂಟದ ನೆರಳು ಓರೆಯಾಗಿ ಬಲಕ್ಕೆ, ಮನೆಯ ಕಡೆಗೆ ಹೋಗಿ ಒಂದು ಚಪ್ಪಡಿಯ ಮೂಲೆ ಮುಟ್ಟುತ್ತದೆ. ಹತ್ತೂವರೆಯ ಫೋಟೋದಲ್ಲಿ ನೆರಳಿನ ತುದಿ ಅದೇ ಮೂಲೆಗೆ ಬಂತು. ನಲವತ್ತೊಂದು ವರ್ಷ ಆದ ಮೇಲೆ! ಅವನಿಗೂ ಆಗ ಸ್ವಲ್ಪ ಆಸಕ್ತಿ ಬಂತು, ಎಳ್ಳು ಬೆಲ್ಲ ತಿನ್ನುವುದನ್ನು ಬಿಟ್ಟು ಟೇಪ್ ತಂದ. ಗೂಟ 20 ಅಂಗುಲ, ನೆರಳು ಇಪ್ಪತ್ತೊಂದೂವರೆ. ಲೆಕ್ಕಕ್ಕೆ ಸೂರ್ಯ ಸುಮಾರು 43 ಡಿಗ್ರಿ ಮೇಲೆ. ಮನೆ ಪೂರ್ವಕ್ಕೆ ಮುಖ ಮಾಡಿದೆ, ಫೋಟೋದವನ ಬೆನ್ನು ಪೂರ್ವಕ್ಕೆ. ಸೂರ್ಯ ಅವನ ನೇರ ಬೆನ್ನ ಹಿಂದಿನಿಂದ ಎಡಕ್ಕೆ ಸುಮಾರು 50 ಡಿಗ್ರಿ ಸರಿದಿದ್ದ.

ಇಷ್ಟು ಸಿಕ್ಕ ಮೇಲೆ ದೇಶ ಯಾವುದಾದರೇನು? ಸೂರ್ಯನನ್ನು ತಿರುಗಿಸಲು ಆಗದಿದ್ದರೆ ನಾನೇ ತಿರುಗಿ ಕೂರಬಹುದು. ಎತ್ತರ ಮಾತ್ರ ಕಾಯಬೇಕು. ನಮ್ಮ ಊರಿನ ಸಂಕ್ರಾಂತಿಯ ಹತ್ತೂವರೆ ಬಿಸಿಲು ಸ್ಟುಟ್‌ಗಾರ್ಟ್‌ಗೆ ಬರುವುದು ಮಾರ್ಚ್ ಕೊನೆಗೆ, ಅದೂ ನಡು ಮಧ್ಯಾಹ್ನಕ್ಕೆ. ಏಪ್ರಿಲ್ ಎರಡನೇ ವಾರದಲ್ಲಿ ಹನ್ನೊಂದೂವರೆಗೆ ಸಿಗುತ್ತದೆ. ಆಪ್ ಗೀಪ್ ಏನೂ ಬೇಡ. 30 ಸೆಂಟಿಮೀಟರ್ ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ನೆರಳು ನೋಡಿದೆ. 32 ಸೆಂಟಿಮೀಟರ್ ಆದಾಗ ಸೂರ್ಯ ತಯಾರು. ಅಲ್ಲಿಂದ ಇಪ್ಪತ್ತು ನಿಮಿಷ ಕೆಲಸ ಮಾಡಬಹುದು, ಆಮೇಲೆ ಮೂಗಿನ ನೆರಳು ಚಿಕ್ಕದಾಗುತ್ತದೆ.

ಬಾಲ್ಕನಿಯಲ್ಲಿ ಒಂದೂವರೆ ಅಡಿ ಎತ್ತರದ ಪೆಟ್ಟಿಗೆ, ಅದೇ ಕಟ್ಟೆ. ಬೆನ್ನ ಹಿಂದೆ ಒಂದೂವರೆ ಅಡಿ ಬಿಟ್ಟು ಗೋಡೆ ಬೇಕು. ಮೊದಲು ಬೆಡ್‌ಶೀಟ್ ಕಟ್ಟಿದೆ. ಗಾಳಿಗೆ ಅಲುಗಿ ನೆರಳಿನ ಅಂಚೆಲ್ಲ ನೀರಲ್ಲಿ ಕಂಡಂತೆ ಬಂತು. 12 ಯೂರೋಗೆ ಬಿಳಿ ಬೋರ್ಡ್ ತಂದು ನಿಲ್ಲಿಸಿದೆ. ಬಾಲ್ಕನಿ ನೆಲ ಕಡುಬೂದು, ಅಜ್ಜನ ಮನೆ ಅಂಗಳ ತಿಳಿ ಮಣ್ಣು. ಆ ಮಣ್ಣಿನಿಂದ ಎದ್ದ ಬೆಳಕು ಅವ್ವನ ಗದ್ದದ ಕೆಳಗೆ ಕಾಣುತ್ತದೆ. ಬಿಳಿ ಬಟ್ಟೆ ಹಾಸಿದರೆ ಅತಿಯಾಯಿತು. ಹಳೇ ನ್ಯೂಸ್‌ಪೇಪರ್ ಹಾಸಿದೆ, ಸರಿಯಾಯಿತು. ಕಾಲು ಇಡಲು ಒಂದು ಹಲಗೆ, ಬಾಗಿಲ ಮುಂದಿನ ಮೆಟ್ಟಿಲ ಲೆಕ್ಕಕ್ಕೆ. ಮೂರೂವರೆ ಅಡಿಗೆ ಕ್ಯಾಮೆರಾ. ಹದಿನಾಲ್ಕು ಅಡಿ ಬಾಲ್ಕನಿಯಲ್ಲಿ ಎಲ್ಲಿಂದ ಬರಬೇಕು? ಬಾಗಿಲು ತೆಗೆದು ಟ್ರೈಪಾಡನ್ನು ಒಳಗೆ, ಅಡುಗೆಮನೆಯ ಫ್ರಿಡ್ಜ್ ಪಕ್ಕ ನಿಲ್ಲಿಸಿದೆ. ಅದಕ್ಕೆ ತಕ್ಕಂತೆ ನಾನೂ ಬೋರ್ಡೂ ಸೇರಿ ಓರೆಯಾಗಿ ತಿರುಗಿದೆವು. ಜೊತೆಗಿರುವ ಹುಡುಗಿ ಕೇರಳದವಳು. ಟೈಮರ್ ಒತ್ತುವ ಕೆಲಸ ಅವಳದು. ಚಳಿಗೆ ಕೋಟು ಹಾಕಿಕೊಂಡೇ ಒತ್ತಿದಳು, ನಾನು ಇಳಕಲ್ ಸೀರೆಯಲ್ಲಿ ನಡುಗುತ್ತಾ ನಗಬೇಕು.

ಗೋಡೆ ನೆರಳಿನ ಬಗ್ಗೆ ಒಂದು ಮಾತು. ಮಿಕ್ಸಿಂಗ್‌ನಲ್ಲಿ ನಾವೆಲ್ಲ ತಲೆಯ ಹಿಂದೆಯೇ ಒಂದು ಮಬ್ಬು ನೆರಳು ಹಾಕಿ ಬಿಡುತ್ತೇವೆ ಅಲ್ವಾ. ಅವ್ವನ ಫೋಟೋ ಸರಿಯಾಗಿ ನೋಡಿದರೆ ಅವಳ ತಲೆಯ ನೆರಳು ಗೋಡೆ ಮೇಲೆ ಅವಳ ಸೊಂಟದ ಮಟ್ಟಕ್ಕೆ ಇಳಿದಿದೆ, ಸುಮಾರು ಎರಡಡಿ ಬಲಕ್ಕೆ ಜರುಗಿದೆ. ನಾನು ಕೂರಬೇಕಾದ ಜಾಗದ ಹಿಂದೆಯೇ ಅದು ಬೀಳುತ್ತದೆ, ಹಾಗಾಗಿ ನನ್ನ ಸೀರೆ ಅದನ್ನು ಮುಚ್ಚಿಬಿಟ್ಟಿತು, ಕೆಲಸ ಉಳಿಯಿತು. ನನ್ನ ನೆರಳು ಬೋರ್ಡ್ ಮೇಲೆ ಬಿದ್ದದ್ದನ್ನೇ ಎತ್ತಿ ತಂದೆ. ಆದರೆ ಅದು ಹೋಗಿ ಬಾಗಿಲ ಚೌಕಟ್ಟಿಗೆ ತಗಲುತ್ತದೆ. ಚೌಕಟ್ಟು ಗೋಡೆಯಿಂದ ಒಂದು ಅಂಗುಲ ಮುಂದೆ. ಅಲ್ಲಿ ನೆರಳು ಮುರಿದು ಒಂದು ಚೂರು ಎಡಕ್ಕೆ, ಒಂದು ಚೂರು ಮೇಲಕ್ಕೆ ಸರಿಯಬೇಕು. ಆ ಒಂದಂಗುಲವನ್ನು ಕೈಯಿಂದ ಮಾಡಿದೆ. ಗಂಗಾವತಿಯ ಗೆಳೆಯ ಮೋಸಹೋಗಿದ್ದು ಇಲ್ಲೇ ಅಂತ ನನ್ನ ಅನುಮಾನ. ನೆರಳಿಗೆ ಕಪ್ಪು ಬಳಿಯಲಿಲ್ಲ. 0 ಅಂದರೆ ಕಪ್ಪು, 255 ಅಂದರೆ ಬಿಳಿ ಅನ್ನುವ ಲೆಕ್ಕದಲ್ಲಿ ಬಿಸಿಲಿನ ಗೋಡೆ 200ರ ಆಸುಪಾಸು, ಅವ್ವನ ನೆರಳಲ್ಲಿ ಅದೇ ಗೋಡೆ 120. ನನ್ನ ನೆರಳೂ `Curves`ನಲ್ಲಿ ಅಷ್ಟೇ ಇಳಿಯಿತು.

ಬಣ್ಣದ ಫೋಟೋವನ್ನು ಕಪ್ಪುಬಿಳುಪು ಮಾಡುವುದರಲ್ಲಿ ಇನ್ನೊಂದು ಜಗಳ. ಸುಮ್ನೆ ಬಣ್ಣ ತೆಗೆದರೆ ನನ್ನ ಮುಖ ಅವ್ವನ ಮುಖದ ಪಕ್ಕ ಬೇರೆಯದೇ ಬೂದು. ಆಗ ಜಡೆಯ ರಿಬ್ಬನ್ ನೆನಪಾಯಿತು. ಫೋನ್‌ನಲ್ಲಿ ಮಾತಿನ ನಡುವೆ ಕೇಳಿದೆ.

"ಅವ್ವಾ, ಆ ಫೋಟೋದಾಗ ರಿಬ್ಬನ್ ಯಾವ ಬಣ್ಣದ್ದು?"

"ಕೆಂಪು. ಹೊಸಾದು. ಯಾಕಬೇ?"

ಒಂದು ಕೆಂಪು ರಿಬ್ಬನ್ ಕೊಂಡು ಮಣಿಕಟ್ಟಿಗೆ ಕಟ್ಟಿಕೊಂಡು, ಅದೇ ಬಿಸಿಲಿನಲ್ಲಿ ಮೊದಲು ಒಂದು ಫೋಟೋ. ಗಿಂಪ್‌ನ `Mono Mixer`ನಲ್ಲಿ ಕೆಂಪು, ಹಸಿರು, ನೀಲಿ ಹಿಂದೆಮುಂದೆ ಮಾಡುತ್ತಾ, ನನ್ನ ರಿಬ್ಬನ್ ಅವ್ವನ ರಿಬ್ಬನ್‌ನಷ್ಟೇ ಬೂದು ಆಗುವವರೆಗೆ ತಿರುಗಿಸಿದೆ. ಕೆಂಪು 30, ಹಸಿರು 45, ನೀಲಿ 25ರ ಹತ್ತಿರ ನಿಂತಿತು. ಅದೇ ಅಳತೆಯನ್ನು ಉಳಿದ ಫೋಟೋಗಳಿಗೂ ಹಾಕಿದರೆ ಮುಖ ತಾನಾಗಿಯೇ ಬಂದು ಕೂತಿತು. ಆಮೇಲೆ ದೊಡ್ಡವ್ವ ಹೇಳಿದ್ದು, ರಿಬ್ಬನ್ ಅವಳದು, ಕೆಂಪಲ್ಲ, ನೇರಳೆ ಅಂತ. ಇಬ್ಬರೂ ಇನ್ನೂ ಜಗಳ ಆಡುತ್ತಾರೆ. ನನಗಂತೂ ಕೆಂಪಿನಲ್ಲಿ ಲೆಕ್ಕ ಸರಿಹೋಗಿದೆ, ಅವ್ವನ ಪರ.

ಕೊನೆಯ ಹದ ಮೂರು ಮೆಟ್ಟಿಲು, ಅದೇ ಕ್ರಮದಲ್ಲಿ. ಮೊದಲು ಮಬ್ಬು. ಅವ್ವನ ಕಣ್ಣರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುವುದಿಲ್ಲ, ನನ್ನವನ್ನು ಎಣಿಸಬಹುದಿತ್ತು. ಎಣಿಸಲು ಬರದ ಹಾಗೆ ಆಗುವವರೆಗೆ `Gaussian Blur`. ಆಮೇಲೆ ಕಪ್ಪು. ಮಾಸಿದ ಪ್ರಿಂಟ್‌ನಲ್ಲಿ ಅಪ್ಪಟ ಕಪ್ಪು ಉಳಿದಿರುವುದಿಲ್ಲ. ಅವ್ವನ ಜಡೆಯ ಅತಿ ಕಪ್ಪು ಜಾಗವೂ 38. ನನ್ನ ಕೂದಲು 5ರಲ್ಲಿತ್ತು, ಅದನ್ನು ಎತ್ತಿದೆ. ಕೊನೆಗೆ ಗ್ರೇನ್. ಗ್ರೇನ್ ಹಾಕಿ ಆಮೇಲೆ ಮಬ್ಬು ಮಾಡಿದರೆ ಹಿಟ್ಟು ಚೆಲ್ಲಿದಂತೆ ಆಗುತ್ತದೆ, ನಾನು ಮಾಡಿ ನೋಡಿದ್ದೇನೆ. ಗ್ರೇನ್ ಫಿಲ್ಟರ್‌ನಿಂದ ತಂದದ್ದಲ್ಲ. ಎಲ್ಲಿಂದ ತಂದೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದೇ ಫೋಟೋದೊಳಗೇ ಇದೆ, ಹುಡುಕಿದರೆ ಸಿಗುತ್ತದೆ.

ಅಳತೆಯಲ್ಲಿ ಒಂದು ಸಲ ಎಡವಿದ್ದೆ. ಅವ್ವ ಚಿಕ್ಕವಳು ಅಂತ ನನ್ನನ್ನೂ ಅವಳಷ್ಟಕ್ಕೆ ಕುಗ್ಗಿಸಿದೆ. ಕಿನ್ನಾಳದ ಗೊಂಬೆ ಸೀರೆ ಉಟ್ಟಂತೆ ಕಂಡೆ. ಕಟ್ಟೆಯ ಎತ್ತರ ಒಂದೂವರೆ ಅಡಿ, ನನ್ನ ಪೆಟ್ಟಿಗೆಯೂ ಒಂದೂವರೆ ಅಡಿ. ಎರಡನ್ನೂ ಸರಿಹೊಂದಿಸಿ ಬಿಟ್ಟುಬಿಟ್ಟೆ. ಅವ್ವನಿಗಿಂತ ನಾನು ಒಂದು ತಲೆಯಷ್ಟು ಎತ್ತರ ಬಂದೆ. ಅವಳಿಗೆ 13, ನನಗೆ 27, ಇನ್ನೇನು ಆಗಬೇಕು?

ಪ್ರಿಂಟ್ ಕೊಪ್ಪಳದಲ್ಲೇ ಮಾಡಿಸಿದೆ, ಮೂಲದಷ್ಟೇ ಅಳತೆ. ಕಲರ್ ಪೇಪರ್ ಮೇಲೆ ಕಪ್ಪುಬಿಳುಪು ಹೊಡೆದರೆ ಹಸಿರು ಛಾಯೆ ಬರುವುದುಂಟು, ಮೊದಲ ಎರಡು ಹಾಗೇ ಬಂದವು. ಫೈಲ್‌ಗೇ ಸ್ವಲ್ಪ ಕಂದು ಬೆರೆಸಿ ಕಳಿಸಿದೆ. ಒಂದಕ್ಕೆ 20 ರೂಪಾಯಿಯಂತೆ ಆರು ಸಲ. ಯಾಶಿಕಾ ಹುಚ್ಚು ಬಿಟ್ಟರೆ ಒಟ್ಟು ಖರ್ಚು ಎಂಟು ಸಾವಿರದೊಳಗೆ.

ಜೂನ್ 1ಕ್ಕೆ ಮಾವನ ಮಗ ಫೋಟೋ ತಗೊಂಡು ಗಂಗಾವತಿಗೆ ಹೋದ. ನಾನು ವಿಡಿಯೋ ಕಾಲ್‌ನಲ್ಲಿ. ಅವ್ವ ಕನ್ನಡಕ ಹಾಕಿಕೊಂಡಳು, ತೆಗೆದಳು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಬಹಳ ಹೊತ್ತು ಏನೂ ಅನ್ನಲಿಲ್ಲ. ನನ್ನ ಕಣ್ಣು ತುಂಬಿತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಫೋಟೋವನ್ನು ಕಣ್ಣ ಹತ್ತಿರ ಹಿಡಿದಳು.

"ಸಂಕ್ರಮಣದ ದಿನ ರಂಗೋಲಿ ಹಾಕಿದ ಮೆಟ್ಟಲ ಮ್ಯಾಲೆ ಚಪ್ಪಲ್ ಕಾಲು ಇಟ್ಕೊಂಡು ಕುಂತೀಯಲ್ಲಬೇ!"

ಚಪ್ಪಲಿ. ಬಾಲ್ಕನಿಯ ಚಳಿಗೆ ಹಾಕಿಕೊಂಡ ರಬ್ಬರ್ ಚಪ್ಪಲಿ, ಸೀರೆ ಅಂಚಿನ ಕೆಳಗೆ ಎರಡು ತುದಿ. ಕಣ್ಣರೆಪ್ಪೆ ಎಣಿಸಿದವಳಿಗೆ ಅದು ಕಂಡಿರಲಿಲ್ಲ.

"ಮತ್ತ ನನ್ನ ರಂಗೋಲಿ ಎಲ್ಲೈತಿ? ಮುಂಜಾನೆ ನಾನೇ ಹಾಕಿದ್ದೆ, ಹದಿನೈದು ಚುಕ್ಕಿದು."

ಹೋಗಿ ಹಳೇ ಸ್ಕ್ಯಾನ್ ತೆಗೆದೆ. ಮೆಟ್ಟಿಲ ಮೇಲೆ ಧೂಳು ಅಂತ ಎರಡು ಸಂಜೆ ಅಳಿಸಿದ್ದೆನಲ್ಲ, ಆ ಚುಕ್ಕೆಗಳು ಸಾಲಾಗಿ ಇದ್ದವು. ಮುಂದಿನ ಸಾಲು ದೊಡ್ಡವು, ಹಿಂದಿನವು ಸಣ್ಣವು, ಪ್ರತಿಯೊಂದೂ ಸ್ವಲ್ಪ ಚಪ್ಪಟೆ. ನೆಗೆಟಿವ್ ಮೇಲಿನ ಧೂಳಿಗೆ ದೂರ ಹತ್ತಿರ ಇರುವುದಿಲ್ಲ, ಅದು ಹೀಗೆ ನೆಲದ ಮೇಲೆ ಮಲಗುವುದಿಲ್ಲ. ಗೊತ್ತಿದ್ದ ವಿಷಯವೇ, ನೋಡಲಿಲ್ಲ ಅಷ್ಟೇ. ರಂಗೋಲಿ ವಾಪಸ್ ತಂದೆ. ಅದರಲ್ಲಿ ನಿಜವಾದ ಧೂಳು ಮೂರೋ ನಾಲ್ಕೋ ಇದ್ದವು.

ಜೂನ್‌ನಲ್ಲಿ ಸ್ಟುಟ್‌ಗಾರ್ಟ್‌ನ ಸೂರ್ಯ ಹತ್ತರ ಸುಮಾರಿಗೇ 43 ಡಿಗ್ರಿ ಮುಟ್ಟುತ್ತಾನೆ, ಬರಿಗಾಲಿನ ಫೋಟೋಗೆ ತೊಂದರೆ ಆಗಲಿಲ್ಲ. ಅದೇ ಸೀರೆ, ಅದೇ ಹಲಗೆ, ಕಾಲು ಮಾತ್ರ ಹೊಸದು, ಮೆಟ್ಟಿಲ ಅಂಚಿಗೆ ಸರಿಸಿ, ರಂಗೋಲಿ ತುಳಿಯದ ಹಾಗೆ. ಕಳಿಸಿದೆ. ಅವ್ವ ನೋಡಿ, "ಹಂಗಾದ್ರ ಚಪ್ಪಲ್ ಎಲ್ಲಿ ಬಿಟ್ಟಿ? ಅಷ್ಟು ದೂರದಿಂದ ಬರಿಗಾಲಾಗ ಬಂದ್ಯಾ?" ಅಂದಳು.

ಮತ್ತೊಂದು ಭಾನುವಾರ ಹೋಯಿತು. ಚಪ್ಪಲಿ ಈಗ ಕಟ್ಟೆಯ ಕೆಳಗೆ, ಕಲ್ಲಿನ ಗೂಟದ ಆಚೆ ಇವೆ. ಜೋಡಿಯಾಗಿ, ಮುಖ ಮನೆಯ ಕಡೆ, ನೆರಳು ಓರೆಯಾಗಿ ಬಲಕ್ಕೆ.